ಫೋಟೊದಲ್ಲಿರುವ ಬೆಲೆ ಚೀಟಿಯನ್ನು ಅರಬ್ಬಿಯಲ್ಲಿ ಬರೆಯುವುದು: ₹, Rs. ಮತ್ತು /- ಗಳಿಗೆ ಒಂದು ಕ್ರಮ

ಬೀದರಿನ ಬಿದ್ರಿ ಅಂಗಡಿಯೊಂದರಿಂದ ಮಸ್ಕತ್‌ನ ಖರೀದಿದಾರರೊಬ್ಬರಿಗೆ ಮೂರು ವಸ್ತುಗಳ ಫೋಟೊ ಹೋಗಬೇಕಿತ್ತು, ಪ್ರತಿ ಫೋಟೊದ ಕೆಳಗೆ ಅರಬ್ಬಿಯಲ್ಲಿ ಬೆಲೆ ಬರೆಯುವ ಕೆಲಸ ನನ್ನದಾಗಿತ್ತು. ಪೆಟ್ಟಿಗೆಯಲ್ಲಿ ಪ್ಯಾಕಾಗಿದ್ದ ಚಿಕ್ಕ ಡಬ್ಬಿಯ ಮೇಲೆ ಮುದ್ರಿತ ಸ್ಟಿಕರ್ ಇದ್ದು, ಅದರಲ್ಲಿ ಎಂಆರ್‌ಪಿ ₹450.00, ಎಲ್ಲ ತೆರಿಗೆ ಸೇರಿ ಎಂದಿತ್ತು. ಸುರಾಹಿಯ ಕತ್ತಿಗೆ ದಾರ ಕಟ್ಟಿ ತೂಗಿಬಿಟ್ಟಿದ್ದ ರಟ್ಟಿನ ಚೀಟಿಯಲ್ಲಿ ಬಾಲ್‌ಪೆನ್ನಿನಿಂದ Rs.4,250/- ಎಂದು ಬರೆದಿತ್ತು. ದೊಡ್ಡ ಹೂದಾನಿಯ ಚೀಟಿಯಲ್ಲಿ ಯಾವ ಚಿಹ್ನೆಯೂ ಇರಲಿಲ್ಲ, ಬರೀ 1,25,000/- ಎಂದಿತ್ತು. ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ: ಬೆಲೆ ಎಂಬ ಅರ್ಥದ ಅರಬ್ಬಿ ಪದ ಬರೆದು, ಅದರ ಮುಂದೆ ₹4,250/- ಎಂದು ಒತ್ತಿ ಕಳುಹಿಸಿದೆ. ಖರೀದಿದಾರರ ಮೊಬೈಲಿನಲ್ಲಿ ರೂಪಾಯಿ ಚಿಹ್ನೆ ಅಂಕಿಯ ಬಲಕ್ಕೆ ಹೋಗಿತ್ತು, ಓರೆಗೆರೆ ಮತ್ತು ಅಡ್ಡಗೆರೆ ಅಂಕಿಯ ಎಡಕ್ಕೆ ಬಂದು ಕುಳಿತಿದ್ದವು. ಇದು 4,250 ಕಡಿತವೇ, ಹಾಗಾದರೆ ಮೂಲ ಬೆಲೆ ಎಷ್ಟು ಎಂದು ಅವರು ಕೇಳಿದರು. ಅಡ್ಡಗೆರೆ ಅವರಿಗೆ ಕಳೆಯುವ ಚಿಹ್ನೆಯಾಗಿ ಕಂಡಿತ್ತು.

ಆ ಪ್ರಶ್ನೆ ಬಂದ ಮೇಲೆ ನಾನು ರೂಢಿಸಿಕೊಂಡ ಕ್ರಮವನ್ನು ಇದೇ ಮೂರು ಚೀಟಿಗಳನ್ನು ಇಟ್ಟುಕೊಂಡು ವಿವರಿಸುತ್ತೇನೆ. ಚಿಹ್ನೆಯನ್ನು ಅರಬ್ಬಿ ಸಾಲಿಗೆ ಹಾಗೇ ಸಾಗಿಸಬಾರದು, ಅದು ಯಾವ ದೇಶದ ಹಣ ಎಂಬುದನ್ನು ನಾವೇ ತೀರ್ಮಾನಿಸಿ ಪದದಲ್ಲಿ ಬರೆಯಬೇಕು ಎಂಬುದೇ ಅದರ ತಿರುಳು.

ಮೊದಲ ಹೆಜ್ಜೆ: ಕಂಡದ್ದನ್ನು ಕಂಡಂತೆ ಬರೆದುಕೊಳ್ಳುವುದು

ಫೋಟೊ ನೋಡುತ್ತಲೇ ಅರಬ್ಬಿಯಲ್ಲಿ ಬರೆಯಲು ತೊಡಗಿದರೆ, ತಪ್ಪು ಓದಿದ್ದೋ ತಪ್ಪು ಬರೆದದ್ದೋ ಎಂದು ಆಮೇಲೆ ತಿಳಿಯುವುದಿಲ್ಲ. ಆದ್ದರಿಂದ ಒಂದು ಕಾಗದದಲ್ಲಿಯೋ ಎಕ್ಸೆಲ್ ಹಾಳೆಯಲ್ಲಿಯೋ ಫೋಟೊದ ಸಂಖ್ಯೆ, ಚೀಟಿಯಲ್ಲಿ ಇರುವಂತೆಯೇ ಬೆಲೆ, ನಾನು ತಿಳಿದ ಮೊತ್ತ, ಯಾವ ಹಣ ಮತ್ತು ಹಾಗೆನ್ನಲು ಆಧಾರವೇನು ಎಂಬುದನ್ನು ಮೊದಲು ಬರೆದುಕೊಳ್ಳುತ್ತೇನೆ. ಎರಡನೆಯ ಕಾಲಂನಲ್ಲಿ ಚುಕ್ಕಿ, ಅಲ್ಪವಿರಾಮ, ಗೆರೆ ಯಾವುದನ್ನೂ ತಿದ್ದುವುದಿಲ್ಲ.

ಫೋಟೊದಲ್ಲಿ ₹ ಚಿಹ್ನೆ ಕೆಡುವ ಬಗೆಗಳು ಕೆಲವೇ, ಆದರೆ ಒಂದೊಂದೂ ಬೆಲೆಯನ್ನೇ ಬದಲಿಸಿಬಿಡುತ್ತದೆ. ಮಾಸಿದ ಸ್ಟಿಕರಿನಲ್ಲಿ ಚಿಹ್ನೆಯ ನಡುವಿನ ಗೆರೆ ಮಸುಕಾದರೆ ಅದು 7ರಂತೆ ಕಾಣುತ್ತದೆ, ₹450 ಎಂಬುದು 7450 ಆಗುತ್ತದೆ. ಆಗ ಫೋಟೊವನ್ನು ದೊಡ್ಡದು ಮಾಡಿ ಮೊದಲ ಆಕಾರದ ನೆತ್ತಿಯನ್ನು ನೋಡಬೇಕು: ₹ನಲ್ಲಿ ಮೇಲೆ ಎರಡು ಅಡ್ಡಗೆರೆಗಳಿರುತ್ತವೆ, 7ರಲ್ಲಿ ಒಂದೇ. ಮುದ್ರಿತ ಬೆಲೆಯಲ್ಲಿ ಇನ್ನೊಂದು ಸುಳಿವೂ ಸಿಗುತ್ತದೆ. ಸಾವಿರ ದಾಟಿದ ಬೆಲೆಗೆ ಅಲ್ಪವಿರಾಮ ಹಾಕುವ ಅಂಗಡಿಯಾದರೆ, ಅಲ್ಪವಿರಾಮವಿಲ್ಲದ 7450ರ ಮೊದಲ ಆಕಾರ ಅಂಕಿಯಲ್ಲ ಎಂದು ಸಂಶಯಪಡಲು ಅಷ್ಟು ಸಾಕು. ಕೈಬರಹದಲ್ಲಿ Rs. ನ ಎರಡನೆಯ ಅಕ್ಷರ 5ರಂತೆ ಕಾಣುವುದು ತೀರ ಸಾಮಾನ್ಯ. ನಮ್ಮ ಸುರಾಹಿಯ ಚೀಟಿಯನ್ನು ಮೊದಲ ನೋಟಕ್ಕೆ 54,250 ಎಂದು ಓದಬಹುದಿತ್ತು. Rs. ನಂತರದ ಚುಕ್ಕಿ ಅಂಕಿಗೆ ಅಂಟಿಕೊಂಡಿದ್ದರೆ ಅದನ್ನು ದಶಮಾಂಶ ಬಿಂದುವೆಂದು ತಿಳಿಯುವ ಅಪಾಯವೂ ಇದೆ.

ಫೋಟೊ ಬದಲು ಅಂಗಡಿಯ ಹಳೆಯ ಬೆಲೆಪಟ್ಟಿಯ ಕಡತ ಬಂದರೆ ಅಲ್ಲೊಂದು ಬೇರೆ ತೊಡಕು. ₹ ಚಿಹ್ನೆಯನ್ನು ಭಾರತ ಸರ್ಕಾರ ಅಂಗೀಕರಿಸಿದ್ದು 2010ರ ಜುಲೈನಲ್ಲಿ. ಅದೇ ವರ್ಷ ಅದಕ್ಕೆ ಯುನಿಕೋಡ್‌ನಲ್ಲಿ U+20B9 ಎಂಬ ಸ್ಥಾನ ಸಿಕ್ಕಿತು. ಆದರೆ ಎಲ್ಲ ಕಂಪ್ಯೂಟರುಗಳಿಗೂ ಅದು ಬರುವಷ್ಟರಲ್ಲಿ, ಕೀಲಿಮಣೆಯ ಮೂಲೆಯಲ್ಲಿರುವ ` ಗುರುತಿನ ಜಾಗದಲ್ಲಿ ರೂಪಾಯಿಯ ಚಿತ್ರವನ್ನು ಇಟ್ಟ ಫಾಂಟ್‌ಗಳು ಬಳಕೆಗೆ ಬಂದಿದ್ದವು. ಅಂಥ ಕಡತ ಬೇರೆ ಯಂತ್ರದಲ್ಲಿ `450 ಎಂದೇ ತೆರೆದುಕೊಳ್ಳುತ್ತದೆ. ಅಂಕಿಯ ಹಿಂದೆ ಅರ್ಥವಿಲ್ಲದ ಆ ಪುಟ್ಟ ಗೀಟು ಕಂಡರೆ ಅದು ಹೆಚ್ಚಾಗಿ ರೂಪಾಯಿಯೇ.

ಎರಡನೆಯ ಹೆಜ್ಜೆ: ಯಾವ ರೂಪಾಯಿ ಎಂದು ತೀರ್ಮಾನಿಸುವುದು

ನಮಗೆ ರೂಪಾಯಿ ಎಂದರೆ ಒಂದೇ. ಅರಬ್ಬಿ ಓದುಗರಿಗೆ ಹಾಗಲ್ಲ. ಅರಬ್ಬಿಯಲ್ಲಿ روبية (ರೂಬಿಯ್ಯ) ಎಂಬ ಒಂದೇ ಪದ ಭಾರತ, ಪಾಕಿಸ್ತಾನ, ನೇಪಾಳ, ಶ್ರೀಲಂಕಾ ಮತ್ತು ಮಾರಿಷಸ್‌ಗಳ ಹಣಕ್ಕೆ ಸಲ್ಲುತ್ತದೆ. ಅಷ್ಟೇ ಅಲ್ಲ, ನಾವು ಬೇರೆ ಹೆಸರಿನಿಂದಲೇ ಕರೆಯುವ ಇಂಡೋನೇಷ್ಯಾದ ರುಪಿಯಾ ಕೂಡ ಅರಬ್ಬಿಯಲ್ಲಿ ರೂಬಿಯ್ಯವೇ, ಅದರ ಬೆಲೆಯೋ ನಮ್ಮ ರೂಪಾಯಿಯ ಒಂದು ಸಣ್ಣ ಚೂರು ಮಾತ್ರ. ಕೊಲ್ಲಿಯ ದೇಶಗಳಲ್ಲಿ ಈ ಪದಕ್ಕೆ ಇನ್ನೂ ಹಳೆಯ ನೆನಪೊಂದಿದೆ. 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಕೊಲ್ಲಿಯಲ್ಲಿ ಚಲಾವಣೆಗೆಂದೇ ಪ್ರತ್ಯೇಕ ರೂಪಾಯಿ ನೋಟುಗಳನ್ನು ಹೊರಡಿಸಿತ್ತು. ಕುವೈತ್ 1961ರಲ್ಲಿ, ಬಹರೈನ್ 1965ರಲ್ಲಿ ತಮ್ಮ ದಿನಾರ್‌ಗೆ ಹೋದವು, ಒಮಾನ್‌ನಲ್ಲಿ ಆ ನೋಟು 1970ರವರೆಗೆ ನಡೆಯಿತು. ಬಹರೈನ್‌ನಲ್ಲಿ ಹತ್ತು ರೂಪಾಯಿಗೆ ಒಂದು ದಿನಾರ್ ಎಂದು ಬದಲಾಯಿಸಿದ್ದರಿಂದ 100 ಫಿಲ್ಸ್‌ ಒಂದು ರೂಪಾಯಿಗೆ ಸಮವಾಯಿತು, ಆಡುಮಾತಿನಲ್ಲಿ 100 ಫಿಲ್ಸ್‌ಗೆ ರೂಬಿಯ್ಯ ಎನ್ನುವುದು ಅಲ್ಲಿ ಉಳಿದುಕೊಂಡಿದೆ. ಹಾಗಾಗಿ ದೇಶದ ಹೆಸರನ್ನು ಬಿಟ್ಟು ಬರೀ ರೂಬಿಯ್ಯ ಎಂದು ಬರೆದರೆ, ಓದುವವರು ಯಾರು ಎಂಬುದರ ಮೇಲೆ ಅರ್ಥ ಬದಲಾದೀತು. روبية هندية (ರೂಬಿಯ್ಯ ಹಿಂದಿಯ್ಯ), ಅಂದರೆ ಭಾರತೀಯ ರೂಪಾಯಿ ಎಂದು ಎರಡೂ ಪದಗಳನ್ನು ಪ್ರತಿ ಬೆಲೆಗೂ ಬರೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹಾಗೆ ಬರೆಯುವ ಮೊದಲು ಆಧಾರ ಬೇಕು. ₹ ಚಿಹ್ನೆ ಇದ್ದರೆ ಬೇರೆ ಸಾಕ್ಷಿ ಬೇಡ, ಏಕೆಂದರೆ ಅದು ಭಾರತದ ರೂಪಾಯಿಗೆ ಮಾತ್ರ ಇರುವ ಗುರುತು. Rs. ಹಾಗಲ್ಲ, ಕೊಲಂಬೊದ ಅಂಗಡಿಯಲ್ಲೂ ಕಠ್ಮಂಡುವಿನ ಅಂಗಡಿಯಲ್ಲೂ ಅದೇ ಬರೆಯುತ್ತಾರೆ. ಅಂಥ ಚೀಟಿಯಾದರೆ ಅದೇ ಫೋಟೊದಲ್ಲಿ ಬೇರೇನಿದೆ ಎಂದು ನೋಡಬೇಕು: ಅಂಗಡಿಯ ವಿಳಾಸ, ಚೀಟಿಯ ಹಿಂಬದಿಯ ಕನ್ನಡ ಅಕ್ಷರ, ಇಲ್ಲವೇ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ. ಆ ಸಂಖ್ಯೆ 29ರಿಂದ ಶುರುವಾದರೆ ಅಂಗಡಿ ಕರ್ನಾಟಕದ್ದು. ನಮ್ಮ ಸುರಾಹಿ ಮತ್ತು ಹೂದಾನಿಯ ಚೀಟಿಗಳ ಮೂಲೆಯಲ್ಲಿ ಅಂಗಡಿಯ ಮುದ್ರೆ ಇತ್ತು, ಆಧಾರದ ಕಾಲಂನಲ್ಲಿ ಅದನ್ನೇ ಬರೆದೆ. ಏನೂ ಸಿಗದಿದ್ದರೆ ಫೋಟೊ ಕಳುಹಿಸಿದವರನ್ನು ಕೇಳಬೇಕೇ ಹೊರತು ಊಹಿಸಬಾರದು.

ಬೇರೆ ಚಿಹ್ನೆಗಳಿಗೂ ಇದೇ ಪರೀಕ್ಷೆ. $ ಎಂಬುದು ಅಮೆರಿಕದ್ದೂ ಆಗಬಹುದು, ಸಿಂಗಪುರದ್ದೂ ಆಗಬಹುದು, ಆದ್ದರಿಂದ ಅರಬ್ಬಿಯಲ್ಲಿ دولار أمريكي ಎಂದು ದೇಶ ಸೇರಿಸಿಯೇ ಬರೆಯಬೇಕು. £ ಚಿಹ್ನೆಗೆ ಅರಬ್ಬಿಯಲ್ಲಿ ಜುನೈಹ್ ಎಂಬ ಪದ, ಆದರೆ ಈಜಿಪ್ಟಿನ ಓದುಗರಿಗೆ ಬರೀ ಜುನೈಹ್ ಎಂದರೆ ಅವರದೇ ಹಣ. ಬ್ರಿಟನ್ನಿನದಾದರೆ جنيه إسترليني ಎಂದು ಪೂರ್ತಿ ಬರೆಯಬೇಕು.

ಮೂರನೆಯ ಹೆಜ್ಜೆ: ಅಂಕಿಯನ್ನು ಸರಿಪಡಿಸುವುದು

ಚೀಟಿಯ ಕೊನೆಯಲ್ಲಿರುವ /- ನಮ್ಮ ರೂಢಿ. ಮೊತ್ತ ಇಲ್ಲಿಗೆ ಮುಗಿಯಿತು, ಪೈಸೆ ಇಲ್ಲ, ಮುಂದೆ ಯಾರೂ ಅಂಕಿ ಸೇರಿಸುವಂತಿಲ್ಲ ಎಂದು ಹೇಳುವ ಗುರುತು ಅದು. ಅರಬ್ಬಿ ಓದುಗರಿಗೆ ಅದರ ಪರಿಚಯವಿಲ್ಲ, ಬಲದಿಂದ ಎಡಕ್ಕೆ ಓದುವ ಸಾಲಿನಲ್ಲಿ ಅದು ಅಂಕಿಯ ಎಡಕ್ಕೆ ಹೋಗಿ ಕಳೆಯುವ ಚಿಹ್ನೆಯಂತೆ ಕಾಣುತ್ತದೆ. ಅದನ್ನು ಪೂರ್ತಿ ಬಿಟ್ಟುಬಿಡಬೇಕು. ಡಬ್ಬಿಯ ಬೆಲೆಯಲ್ಲಿರುವ .00 ಕೂಡ ಬೇಡ. ಅದರ ಕಾರಣವನ್ನು ರಿಯಾಲ್‌ನ ವಿಷಯ ಬಂದಾಗ ಹೇಳುತ್ತೇನೆ.

ಹೂದಾನಿಯ 1,25,000 ನಿಜವಾದ ಬಲೆ. ನಾವು ಲಕ್ಷಕ್ಕೆ ಎರಡೆರಡು ಅಂಕಿಗೆ ಅಲ್ಪವಿರಾಮ ಹಾಕುತ್ತೇವೆ, ಅರಬ್ ದೇಶಗಳಲ್ಲಿ ಮೂರು ಮೂರು ಅಂಕಿಗೆ ಹಾಕುತ್ತಾರೆ. 1,25,000 ಎಂದು ಕಂಡವರು ಎಲ್ಲೋ ಒಂದು ಅಂಕಿ ಬಿಟ್ಟುಹೋಗಿದೆ ಎಂದುಕೊಳ್ಳುತ್ತಾರೆ, ಅದು 1,250,000 ಇರಬೇಕೋ 25,000 ಇರಬೇಕೋ ಎಂದು ಅನುಮಾನಿಸುತ್ತಾರೆ. ಅರಬ್ಬಿ ಸಾಲಿನಲ್ಲಿ 125,000 ಎಂದೇ ಬರೆಯಬೇಕು. ಚೀಟಿಯಲ್ಲಿ ಹಾಗಿಲ್ಲವಲ್ಲ ಎಂಬ ಸಂಶಯ ಅವರಿಗೆ ಬಾರದಂತೆ, ದೊಡ್ಡ ಮೊತ್ತವಾದರೆ ಅಕ್ಷರದಲ್ಲಿಯೂ ಒಮ್ಮೆ ಹೇಳುವುದು ಒಳ್ಳೆಯದು: مئة وخمسة وعشرون ألف روبية هندية, ಅಂದರೆ ನೂರ ಇಪ್ಪತ್ತೈದು ಸಾವಿರ ಭಾರತೀಯ ರೂಪಾಯಿ. ಲಕ್ಷ ಎಂಬ ಪದವನ್ನು ಅರಬ್ಬಿ ಲಿಪಿಯಲ್ಲಿ ಬರೆಯುವ ಗೊಡವೆಗೆ ಹೋಗಬೇಡಿ.

ಇನ್ನು ಯಾವ ಅಂಕಿಗಳು? 0, 1, 2 ಎಂಬ ಅಂಕಿಗಳನ್ನೇ ಬಳಸಬೇಕೋ, ٠, ١, ٢ ಎಂಬ ರೂಪವನ್ನೋ? ಮೊರಾಕ್ಕೊ, ಅಲ್ಜೀರಿಯಾ, ಟ್ಯುನೀಷಿಯಾಗಳಲ್ಲಿ ಅರಬ್ಬಿ ಬರಹದ ನಡುವೆಯೂ ಮೊದಲನೆಯದನ್ನೇ ಬಳಸುತ್ತಾರೆ. ಈಜಿಪ್ಟ್ ಮತ್ತು ಕೊಲ್ಲಿಯಲ್ಲಿ ಎರಡೂ ಇವೆ. ಫೋಟೊದಲ್ಲಿ ಚೀಟಿ ಕಾಣುತ್ತಿರುವಾಗ ನಾನು ಮೊದಲನೆಯದನ್ನೇ ಆರಿಸುತ್ತೇನೆ, ಏಕೆಂದರೆ ಖರೀದಿದಾರರು ಚೀಟಿಯ 4,250ನ್ನೂ ನನ್ನ ಸಾಲಿನ 4,250ನ್ನೂ ಒಂದರ ಪಕ್ಕ ಒಂದಿಟ್ಟು ತಾವೇ ತಾಳೆ ನೋಡಬಹುದು. ಎರಡನೆಯ ರೂಪದಲ್ಲಿ ಸೊನ್ನೆ ಒಂದು ಸಣ್ಣ ಚುಕ್ಕಿ ಮಾತ್ರ. ಫೋಟೊದ ಮೇಲೆಯೇ ಬರೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರೆ ಚಿತ್ರ ಕುಗ್ಗಿ ಆ ಚುಕ್ಕಿ ಮಸುಕಾಗುತ್ತದೆ. ನಮ್ಮಂಥವರಿಗೆ ಇನ್ನೊಂದು ಅಪಾಯವೂ ಇದೆ. ಅರಬ್ಬಿಯ ಐದು ٥ ನೋಡಲು ಕನ್ನಡದ ಸೊನ್ನೆ ೦ಯಂತೆಯೇ ಇದೆ. ಕನ್ನಡ ಅಂಕಿಗಳನ್ನು ದಿನವೂ ಓದುವ ಕಣ್ಣು ٤٥٠ ಎಂಬುದರ ನಡುವಿನ ಐದನ್ನು ಸೊನ್ನೆಯೆಂದು ದಾಟಿಬಿಡುತ್ತದೆ. ಅಂದರೆ ತಾನು ಬರೆದದ್ದನ್ನು ತಾನೇ ತಿದ್ದಲಾರದ ಸ್ಥಿತಿ. ಖರೀದಿದಾರರು ತಮ್ಮ ಸಂದೇಶಗಳಲ್ಲಿ ಎರಡನೆಯ ರೂಪವನ್ನೇ ಬಳಸುವವರಾದರೆ ಅವರಿಗಾಗಿ ಬದಲಾಯಿಸಬಹುದು, ಆಗ ಅರಬ್ಬಿ ಬಲ್ಲ ಇನ್ನೊಬ್ಬರು ಅಂಕಿಗಳನ್ನು ನೋಡಲೇಬೇಕು.

ಅಂಕಿಗೆ ತಕ್ಕಂತೆ ಪದವೂ ಬದಲಾಗುತ್ತದೆ. ಮೊತ್ತದ ಕೊನೆಯ ಎರಡು ಅಂಕಿಗಳು 3ರಿಂದ 10ರೊಳಗೆ ಇದ್ದರೆ ಬಹುವಚನ روبيات (ರೂಬಿಯ್ಯಾತ್), ಇಲ್ಲದಿದ್ದರೆ ಏಕವಚನ روبية. ಕನ್ನಡಿಗರಿಗೆ ಇದು ವಿಚಿತ್ರವೆನಿಸಬಹುದು: 4,205ಕ್ಕೆ ಬಹುವಚನ, ಅದಕ್ಕಿಂತ ದೊಡ್ಡದಾದ 4,250ಕ್ಕೆ ಏಕವಚನ. ನಮ್ಮ ಮೂರು ಬೆಲೆಗಳೂ ಏಕವಚನವೇ ಆದ್ದರಿಂದ ತೊಂದರೆ ಇಲ್ಲ. ಅಂಗಡಿಯ ಪಟ್ಟಿಗಳಲ್ಲಿ ಎಲ್ಲಕ್ಕೂ ಏಕವಚನ ಹಾಕುವುದು ಕಂಡುಬರುತ್ತದೆ, ಅರ್ಥಕ್ಕೆ ಅದರಿಂದ ಕುಂದಿಲ್ಲ. ಆದರೂ ಸರಿಯಾದ ರೂಪ ಗೊತ್ತಿದ್ದಾಗ ಅದನ್ನೇ ಬರೆಯಬೇಕು.

ನಾಲ್ಕನೆಯ ಹೆಜ್ಜೆ: ಸಾಲಿನ ದಿಕ್ಕು

₹ ಏಕೆ ಜಾಗ ಬದಲಿಸುತ್ತದೆ ಎಂದು ತಿಳಿದರೆ ಉಪಾಯವೂ ತಾನಾಗಿ ಹೊಳೆಯುತ್ತದೆ. ಅರಬ್ಬಿ ಅಕ್ಷರಗಳು ಬಲದಿಂದ ಎಡಕ್ಕೆ ಸಾಗುತ್ತವೆ, ಅಂಕಿಗಳು ಮಾತ್ರ ಎಡದಿಂದ ಬಲಕ್ಕೆ. ಹಣದ ಚಿಹ್ನೆಗೆ ಸ್ವಂತ ದಿಕ್ಕಿಲ್ಲ, ಅದು ನೆರೆಯವರನ್ನು ನೋಡಿ ನಿಲ್ಲುತ್ತದೆ. ಸಾಲಿನ ಆರಂಭದಲ್ಲಿಯೇ ₹4,250 ಬಂದರೆ ಚಿಹ್ನೆ ಅಂಕಿಗೆ ಅಂಟಿಕೊಂಡು ಎಡದಲ್ಲಿಯೇ ಉಳಿಯುತ್ತದೆ. ಅದೇ ಬೆಲೆ ಒಂದು ಅರಬ್ಬಿ ಪದದ ನಂತರ ಬಂದರೆ, ಯುನಿಕೋಡ್‌ನ ನಿಯಮದಂತೆ ಆ ಅಂಕಿಗಳು ಅರಬ್ಬಿ ಅಂಕಿಗಳ ಗುಂಪಿಗೆ ಸೇರಿಬಿಡುತ್ತವೆ, ಚಿಹ್ನೆ ಆ ಗುಂಪಿಗೆ ಅಂಟಿಕೊಳ್ಳುವುದಿಲ್ಲ, ಅದು ಸಾಲಿನ ದಿಕ್ಕನ್ನು ಹಿಡಿದು ಅಂಕಿಯ ಬಲಕ್ಕೆ ಹೋಗುತ್ತದೆ. ಸಂದೇಶದ ಮೊದಲ ಪದ ಇಂಗ್ಲಿಷಿನದಾಗಿದ್ದರೆ ಇಡೀ ಸಾಲಿನ ದಿಕ್ಕೇ ಬದಲಾಗಿ ಇನ್ನೊಂದು ಬಗೆಯ ಜೋಡಣೆಯಾಗುತ್ತದೆ. ಒಂದೇ ಪಟ್ಟಿಯಲ್ಲಿ ಕೆಲವು ಬೆಲೆಗಳಲ್ಲಿ ಚಿಹ್ನೆ ಎಡಕ್ಕೂ ಕೆಲವದರಲ್ಲಿ ಬಲಕ್ಕೂ ಕಂಡರೆ, ಬರೆದವರ ಅಜಾಗರೂಕತೆ ಎಂದುಕೊಳ್ಳಬೇಡಿ, ಕಾರಣ ಇದೇ.

ಚಿಹ್ನೆಯನ್ನು ಬಿಟ್ಟು ಪದ ಬರೆದರೆ ಈ ತೊಡಕು ಇರುವುದೇ ಇಲ್ಲ. ಪದಕ್ಕೆ ತನ್ನದೇ ದಿಕ್ಕಿದೆ, ಅಂಕಿ ಬಲದಲ್ಲಿ, ಪದ ಅದರ ಎಡದಲ್ಲಿ, ಓದುವ ಕ್ರಮದಲ್ಲಿಯೇ ನಿಲ್ಲುತ್ತವೆ. ಟೈಪ್ ಮಾಡುವಾಗ ಮೊದಲು ಅಂಕಿ, ಒಂದು ತೆರಪು, ಆಮೇಲೆ ಪದ. ಪರದೆಯಲ್ಲಿ ಏನು ಎಲ್ಲಿ ಕಂಡರೂ ಈ ಕ್ರಮವನ್ನು ಬದಲಿಸಬಾರದು. ಕಣ್ಣಿಗೆ ಸರಿಯಾಗಿ ಕಾಣಲೆಂದು ತಿರುವುಮುರುವಾಗಿ ಟೈಪ್ ಮಾಡಿದ ಸಾಲು ಇನ್ನೊಂದು ಮೊಬೈಲಿನಲ್ಲಿ ಕೆಡದೇ ಇರದು. ವೆಬ್ ಪುಟಕ್ಕೆ ಹಾಕುವುದಾದರೆ ದಿಕ್ಕನ್ನು ಬಾಯಿಬಿಟ್ಟು ಹೇಳಿ, ಅಂಕಿಯನ್ನು ಪ್ರತ್ಯೇಕಿಸಬೇಕು:

```html
<p dir="rtl" lang="ar">السعر: <bdi>4,250</bdi> روبية هندية</p>
```

ಖರೀದಿದಾರರು ವ್ಯಾಪಾರಿಯಾಗಿದ್ದು ಬ್ಯಾಂಕಿನ ಕಾಗದಪತ್ರಕ್ಕೆ ಬೇಕಾದರೆ INR ಎಂಬ ಮೂರಕ್ಷರದ ಸಂಕೇತವನ್ನು ಪದದ ಜೊತೆಗೆ ಒಮ್ಮೆ ಕೊಡಬಹುದು. ಪದದ ಬದಲಿಗೆ ಅಲ್ಲ. ಚಿಕ್ಕದಾಗಿರಲೆಂದು ರೂಬಿಯ್ಯಕ್ಕೆ ಒಂದೆರಡು ಅರಬ್ಬಿ ಅಕ್ಷರಗಳ ಸಂಕ್ಷೇಪ ಕಟ್ಟುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ರಿಯಾಲ್ ಮತ್ತು ರೂಬಿಯ್ಯ ಎರಡೂ ر ಎಂಬ ಅಕ್ಷರದಿಂದಲೇ ಶುರುವಾಗುತ್ತವೆ. ر.ع. ಎಂದರೆ ಒಮಾನಿ ರಿಯಾಲ್ ಎಂದು ಓದುವ ಕಣ್ಣಿಗೆ ಅದೇ ಅಕ್ಷರದ ಇನ್ನೊಂದು ಸಂಕ್ಷೇಪ ರಿಯಾಲಾಗಿಯೇ ಕಾಣುತ್ತದೆ, ಬೆಲೆ ನೂರಾರು ಪಟ್ಟು ಏರಿಬಿಡುತ್ತದೆ.

ಐದನೆಯ ಹೆಜ್ಜೆ: ಅವರ ಹಣದಲ್ಲಿ ಅಂದಾಜು

ಮಸ್ಕತ್‌ನವರು ರಿಯಾಲ್‌ನಲ್ಲಿ ಎಷ್ಟಾಗುತ್ತದೆ ಎಂದು ಕೇಳಿಯೇ ಕೇಳುತ್ತಾರೆ. ಒಮಾನಿ ರಿಯಾಲ್‌ಗೆ 1000 ಬೈಸಾ. ಕುವೈತ್ ಮತ್ತು ಬಹರೈನ್‌ನ ದಿನಾರ್‌ಗೂ ಹಾಗೆಯೇ 1000 ಫಿಲ್ಸ್. ಆದ್ದರಿಂದ ಅಲ್ಲಿ ದಶಮಾಂಶ ಬಿಂದುವಿನ ನಂತರ ಮೂರು ಅಂಕಿ ಬರೆಯುತ್ತಾರೆ. ಅಲ್ಲಿನ ಚೀಟಿಯಲ್ಲಿ 2.500 ಎಂದರೆ ಎರಡೂವರೆ ರಿಯಾಲ್, ಎರಡು ಸಾವಿರದ ಐನೂರಲ್ಲ. ಚುಕ್ಕಿಯ ನಂತರದ ಅಂಕಿಗಳನ್ನು ಅವರು ಅಷ್ಟು ಗಮನವಿಟ್ಟು ಓದುವುದರಿಂದಲೇ ರೂಪಾಯಿಯ .00 ಬೇಡವೆಂದು ಹೇಳಿದ್ದು.

ಲೆಕ್ಕಕ್ಕೆಂದು ಒಂದು ರಿಯಾಲ್‌ಗೆ 220 ರೂಪಾಯಿ ಎಂದು ಇಟ್ಟುಕೊಳ್ಳೋಣ, ಬರೆಯುವ ದಿನದ ನಿಜವಾದ ದರವನ್ನು ನೋಡಿಯೇ ಹಾಕಬೇಕು. 4,250ನ್ನು 220ರಿಂದ ಭಾಗಿಸಿದರೆ 19.318. ಅದನ್ನು 19.32 ಎಂದು ಎರಡು ಅಂಕಿಗೆ ಕತ್ತರಿಸಿದರೆ ಅವರಿಗೆ ಅರೆಬರೆಯಾಗಿ ಕಾಣುತ್ತದೆ, 19.318 ಎಂದು ಮೂರೂ ಅಂಕಿಗಳನ್ನು ಬರೆಯಬೇಕು. ಅಂದಾಜಿನ ಮೊತ್ತ ರೂಪಾಯಿಯ ನಂತರವೇ ಬರಬೇಕು, ಸುಮಾರು ಎಂಬ ಅರ್ಥದ حوالي ಮತ್ತು ದರದ ದಿನಾಂಕ ಅದರ ಜೊತೆ ಇರಬೇಕು. ಫೋಟೊದಲ್ಲಿ ಇರುವುದು ರೂಪಾಯಿ, ಅದೇ ನಿಜವಾದ ಬೆಲೆ.

ಸೌದಿಯ ಖರೀದಿದಾರರಾದರೆ ಅವರ ರಿಯಾಲ್‌ಗೆ 2025ರ ಫೆಬ್ರವರಿಯಲ್ಲಿ ಹೊಸ ಚಿಹ್ನೆ ಬಂದಿದೆ, ಮುಂದಿನ ತಿಂಗಳು ಎಮಿರೇಟ್ಸ್‌ನ ದಿರ್ಹಮ್‌ಗೂ ಒಂದು ಬಂತು. ಹಳೆಯ ಮೊಬೈಲುಗಳ ಫಾಂಟ್‌ಗಳಲ್ಲಿ ಇವು ಇರುವುದಿಲ್ಲವಾದ್ದರಿಂದ ಖಾಲಿ ಚೌಕ ಕಾಣುತ್ತದೆ. ريال سعودي, درهم إماراتي ಎಂದು ಪದದಲ್ಲಿಯೇ ಬರೆಯಿರಿ. ಕೀಲಿಮಣೆಯಲ್ಲಿ ಸಿಗುವ ﷼ ಗುರುತನ್ನು ಹೊಸ ಸೌದಿ ಚಿಹ್ನೆಯೆಂದು ಬಳಸಬೇಡಿ, ಅದು ರಿಯಾಲ್ ಎಂಬ ಪದವನ್ನೇ ಒಂದಾಗಿ ಹೆಣೆದ ಹಳೆಯ ರೂಪ, ಇರಾನಿನ ಹಣಕ್ಕೂ ಅದನ್ನು ಬಳಸುತ್ತಾರೆ.

ಎಂಆರ್‌ಪಿ ಮತ್ತು ತೆರಿಗೆಯ ಮಾತು

ಡಬ್ಬಿಯ ಸ್ಟಿಕರಿನ ಬಗ್ಗೆ ಒಂದು ಮಾತು ಉಳಿದಿದೆ. ಎಂಆರ್‌ಪಿ ಎನ್ನುವುದು ಭಾರತದೊಳಗೆ ಚಿಲ್ಲರೆಯಾಗಿ ಮಾರುವಾಗ ದಾಟಬಾರದ ಗರಿಷ್ಠ ಬೆಲೆ, ಎಲ್ಲ ತೆರಿಗೆ ಸೇರಿ ಎಂಬ ಮಾತು ಭಾರತದ ತೆರಿಗೆಗಳಿಗೆ ಸಂಬಂಧಿಸಿದ್ದು. ಅದನ್ನು ಹಾಗೇ ಅನುವಾದಿಸಿದರೆ ಮಸ್ಕತ್‌ನ ಸುಂಕವೂ ಇದರಲ್ಲೇ ಸೇರಿದೆ ಎಂದು ಖರೀದಿದಾರರು ನಂಬುವ ಸಾಧ್ಯತೆ ಇದೆ. شامل الضرائب داخل الهند, ಅಂದರೆ ಭಾರತದೊಳಗಿನ ತೆರಿಗೆಗಳು ಸೇರಿ ಎಂದು ಬರೆದು, ಸಾಗಣೆ ಮತ್ತು ಸುಂಕ ಬೇರೆ ಎಂಬುದನ್ನು ಪ್ರತ್ಯೇಕ ಸಾಲಿನಲ್ಲಿ ತಿಳಿಸಿದೆ.

ಕೊನೆಯ ತಪಾಸಣೆ

ಫೋಟೊದ ಮೇಲಿನ ಚೀಟಿಯನ್ನು ಅಳಿಸಿ ಅದರ ಜಾಗದಲ್ಲಿ ಅರಬ್ಬಿ ಬರೆಯಬೇಡಿ. ಚೀಟಿ ಹಾಗೇ ಕಾಣಲಿ, ಅರಬ್ಬಿ ಸಾಲು ಫೋಟೊದ ಕೆಳಗಿರಲಿ. ನಾನು ಎರಡನೆಯ ಸಲ ಕಳುಹಿಸಿದ ಸಾಲುಗಳು ಹೀಗಿದ್ದವು:

```
450 روبية هندية
4,250 روبية هندية
125,000 روبية هندية
```

ಕಳುಹಿಸುವ ಮೊದಲು ಅದನ್ನು ಬೇರೆ ಕಂಪನಿಯ ಇನ್ನೊಂದು ಮೊಬೈಲಿಗೆ ಹಾಕಿ ನೋಡಿದೆ, ಮಂಗಳೂರಿನಿಂದ ಹೋಗಿ ಮಸ್ಕತ್‌ನಲ್ಲಿ ನೆಲೆಸಿರುವ ಪರಿಚಯದವರೊಬ್ಬರಿಗೂ ಕಳುಹಿಸಿದೆ. ಸರಿ ಇದೆಯೇ ಎಂದು ಅವರನ್ನು ಕೇಳಲಿಲ್ಲ, ಹಾಗೆ ಕೇಳಿದರೆ ಎಲ್ಲರೂ ಸರಿ ಇದೆ ಎಂದೇ ಹೇಳುತ್ತಾರೆ. ಫೋಟೊ ತೋರಿಸದೆ, ಈ ಮೂರು ಸಾಲುಗಳನ್ನು ಫೋನಿನಲ್ಲಿ ಗಟ್ಟಿಯಾಗಿ ಓದಿ ಎಂದೆ. ಅವರು ಓದುತ್ತಾ ಹೋದಂತೆ ನಾನು ಮೊದಲ ಹೆಜ್ಜೆಯಲ್ಲಿ ಬರೆದಿಟ್ಟ ಹಾಳೆಯ ಎರಡನೆಯ ಕಾಲಂನ ಮೇಲೆ ಬೆರಳಿಟ್ಟು ತಾಳೆ ನೋಡಿದೆ. ಮೂರನೆಯದನ್ನು ಅವರು ನೂರ ಇಪ್ಪತ್ತೈದು ಸಾವಿರ ಎಂದು ತಡವರಿಸದೆ ಓದಿದ ಮೇಲೆ ಸಂದೇಶವನ್ನು ಖರೀದಿದಾರರಿಗೆ ಕಳುಹಿಸಿದೆ. ಈ ಸಲ ಅವರು ಕೇಳಿದ ಪ್ರಶ್ನೆ ಬೆಲೆಯದ್ದಲ್ಲ, ಸುರಾಹಿಯ ಎತ್ತರ ಎಷ್ಟು ಎಂಬುದು.